ಎಡದಿಂದಲೋ ಬಲದಿಂದಲೋ: ಎಂಟು ಜನರ ಔಪಚಾರಿಕ ಡಿನ್ನರ್ ಬಡಿಸುವ ಬಗೆ

ಪ್ರಶ್ನೆ: ನಮಸ್ಕಾರ. ನಾನು ಒಂದು ಸಣ್ಣ ಅತಿಥಿಗೃಹದಲ್ಲಿ ಬಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಮುಂದಿನ ತಿಂಗಳು ಎಂಟು ಜನರಿಗೆ ಔಪಚಾರಿಕ ಡಿನ್ನರ್ ಇದೆ. ಸೂಪ್, ಮೀನು, ಮಾಂಸದ ಮುಖ್ಯ ಖಾದ್ಯ, ಡೆಸರ್ಟ್ ಹೀಗೆ ನಾಲ್ಕು ಕೋರ್ಸ್. ಮೊದಲೆರಡು ಅಡುಗೆಮನೆಯಿಂದಲೇ ಪ್ಲೇಟಿನಲ್ಲಿ ಬರುತ್ತವೆ, ಮಾಂಸವನ್ನು ಪ್ಲ್ಯಾಟರಿನಿಂದ ಬಡಿಸಬೇಕು. ಬಡಿಸಲು ನಾನು, ನನ್ನ ಗೆಳೆಯ ಇಬ್ಬರೇ. ಒಬ್ಬರು ಎಡದಿಂದ ಬಡಿಸು ಅಂತಾರೆ, ಇನ್ನೊಬ್ಬರು ಬಲದಿಂದ ಅಂತಾರೆ. ಪ್ಲೇಟ್ ತೆಗೆಯುವಾಗ ಚಾಕು ಜಾರಿ ಸದ್ದಾಗುತ್ತದೆ, ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ. ಸರಿಯಾದ ಕ್ರಮ ಯಾವುದು?

ಉತ್ತರ: ನಿಮಗೆ ಹೇಳಿದ ಇಬ್ಬರದೂ ತಪ್ಪಲ್ಲ. ಅವರು ಎರಡು ಬೇರೆ ಬೇರೆ ಕೆಲಸಗಳ ಬಗ್ಗೆ ಹೇಳುತ್ತಿದ್ದಾರೆ, ನಿಮ್ಮ ಮೆನುವಿನಲ್ಲಿ ಎರಡೂ ಇವೆ. ಪ್ಲ್ಯಾಟರಿನಿಂದ ಬಡಿಸುವುದು ಅತಿಥಿಯ ಎಡದಿಂದ. ತಯಾರಾದ ಪ್ಲೇಟ್ ಇಡುವುದು, ಪಾನೀಯ ಸುರಿಯುವುದು, ಖಾಲಿ ಪ್ಲೇಟ್ ತೆಗೆಯುವುದು ಬಲದಿಂದ. ತಯಾರಾದ ಪ್ಲೇಟನ್ನೂ ಎಡದಿಂದಲೇ ಇಡಬೇಕೆನ್ನುವ ಹಳೆಯ ಸಂಪ್ರದಾಯ ಕೆಲವು ಮನೆಗಳಲ್ಲಿ, ಸಂಸ್ಥೆಗಳಲ್ಲಿ ಈಗಲೂ ಉಂಟು. ಅಂಥ ಕಡೆ ಕೆಲಸ ಮಾಡುವಾಗ ಅಲ್ಲಿನ ರೂಢಿಯನ್ನೇ ಅನುಸರಿಸಿ. ನಿಮ್ಮಲ್ಲಿ ಅಂಥ ಕಟ್ಟಳೆ ಇಲ್ಲದಿದ್ದರೆ ಮೇಲೆ ಹೇಳಿದ್ದನ್ನೇ ಹಿಡಿಯಿರಿ.

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಕಾರಣ ಗೊತ್ತಾದರೆ ತಾನಾಗಿ ನೆನಪಿರುತ್ತದೆ. ಪ್ಲ್ಯಾಟರನ್ನು ಅತಿಥಿಯ ಮುಂದೆ ಹಿಡಿದು, ಅವರೇ ಬೇಕಾದಷ್ಟು ಬಡಿಸಿಕೊಳ್ಳುವ ಪದ್ಧತಿಯೂ ಇದೆ. ಹೆಚ್ಚಿನವರು ಬಲಗೈಯವರು. ಪ್ಲ್ಯಾಟರ್ ಎಡಕ್ಕಿದ್ದರೆ ಅವರ ಬಲಗೈ ಎದೆಯ ಮುಂದಿನಿಂದ ಸಲೀಸಾಗಿ ಅದನ್ನು ಮುಟ್ಟುತ್ತದೆ. ಬಲಕ್ಕಿದ್ದರೆ ಮೊಣಕೈಯನ್ನು ಹಿಂದಕ್ಕೆ ಮಡಚಿ ಒದ್ದಾಡಬೇಕು. ಅಲ್ಲದೆ ಗ್ಲಾಸುಗಳೆಲ್ಲ ಬಲಗಡೆ ನಿಂತಿರುತ್ತವೆ, ಅವುಗಳ ಮೇಲೆ ಪ್ಲ್ಯಾಟರ್ ತೂಗಿದರೆ ಒಂದಲ್ಲ ಒಂದು ಉರುಳುತ್ತದೆ. ಬ್ರೆಡ್ ಪ್ಲೇಟ್ ಎಡಗಡೆ ಇರುವುದರಿಂದ ಬ್ರೆಡ್ ಕೂಡ ಎಡದಿಂದಲೇ.

ಬಲದಿಂದ ಪ್ಲೇಟ್ ಇಡುವುದಕ್ಕೆ ಕಾರಣ ನಿಮ್ಮ ಮೊಣಕೈ. ಅತಿಥಿಯ ಬಲಗಡೆ ನಿಂತು ಬಲಗೈ ಚಾಚಿದರೆ ನಿಮ್ಮ ತೋಳು ಅವರ ಮುಖದಿಂದ ದೂರವಿರುತ್ತದೆ, ನಿಮ್ಮ ಎದೆ ಅವರ ಕಡೆ ತೆರೆದಿರುತ್ತದೆ. ಅದೇ ಜಾಗದಲ್ಲಿ ನಿಂತು ಎಡಗೈ ಚಾಚಿ ನೋಡಿ, ಮೊಣಕೈ ನೇರ ಅವರ ಮೂಗಿನ ಮುಂದೆ ಬರುತ್ತದೆ. ಹಾಗಾಗಿ ಬಲಗಡೆ ನಿಂತರೆ ಬಲಗೈ, ಎಡಗಡೆ ನಿಂತರೆ ಎಡಗೈ ಮೇಜಿನ ಒಳಗೆ ಹೋಗಬೇಕು. ಕುರ್ಚಿ ಗೋಡೆಗೆ ಒತ್ತಿಕೊಂಡಿದ್ದು ಬಲಗಡೆ ಹೋಗಲು ಜಾಗವೇ ಇಲ್ಲದಿದ್ದಾಗ ಎಡದಿಂದ ಎಡಗೈಯಲ್ಲಿ ಇಟ್ಟರೆ ಏನೂ ಕೆಡುವುದಿಲ್ಲ. ಇಬ್ಬರು ಪರಸ್ಪರ ಬಾಗಿ ಮಾತಾಡುತ್ತಿದ್ದರೂ ಹಾಗೆಯೇ ಮಾಡಿ. ಅವರ ನಡುವೆ ಕೈ ತೂರಿಸುವ ಬದಲು ಇನ್ನೊಂದು ಬದಿಗೆ ಹೋಗಿ, ಕೈ ಬದಲಿಸಿ ಇಡಿ. ನಿಯಮ ಇರುವುದೇ ಅತಿಥಿಗೆ ತೊಂದರೆಯಾಗದಿರಲಿ ಎಂದು.

ನಡೆಯುವ ದಿಕ್ಕು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಬಲದಿಂದ ಪ್ಲೇಟ್ ಇಡುವಾಗ ಮೇಜನ್ನು ಪ್ರದಕ್ಷಿಣೆ ಹಾಕಿದಂತೆ ನಡೆಯಿರಿ, ಅಂದರೆ ಮೇಜು ಸದಾ ನಿಮ್ಮ ಬಲಗೈ ಪಕ್ಕದಲ್ಲಿರಲಿ. ಆಗ ಬಲಗೈ ಮೇಜಿನ ಕಡೆ, ಉಳಿದ ಪ್ಲೇಟ್ ಹಿಡಿದ ಎಡಗೈ ಅತಿಥಿಗಳ ಬೆನ್ನ ಹಿಂದೆ. ಪ್ರತಿ ಹೆಜ್ಜೆಯೂ ಮುಂದಕ್ಕೆ. ಪ್ಲ್ಯಾಟರಿನಿಂದ ಎಡದಲ್ಲಿ ಬಡಿಸುವಾಗ ಇದಕ್ಕೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ ನಡೆಯಿರಿ. ಪ್ಲ್ಯಾಟರ್ ಹಿಡಿದ ಎಡಗೈ ಮೇಜಿನ ಕಡೆಗೇ ಇರುತ್ತದೆ. ದಿಕ್ಕು ತಪ್ಪಿದರೆ ಅದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಪ್ರತಿ ಅತಿಥಿಯಾದ ಮೇಲೂ ನೀವು ಹಿಂದಕ್ಕೆ ಹೆಜ್ಜೆ ಇಡಬೇಕಾಗುತ್ತದೆ.

ಈಗ ನಿಮ್ಮ ಎಂಟು ಜನರನ್ನೇ ತೆಗೆದುಕೊಳ್ಳೋಣ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಆತಿಥೇಯರು, ಅದು 1ನೇ ಕುರ್ಚಿ. ಅಲ್ಲಿಂದ ಪ್ರದಕ್ಷಿಣವಾಗಿ ಎಣಿಸಿ. ಅವರ ಎಡಕ್ಕಿರುವ ಸಾಲು 2, 3, 4. ಎದುರು ತುದಿಯಲ್ಲಿ ಎರಡನೆಯ ಆತಿಥೇಯರು 5. ಇನ್ನೊಂದು ಸಾಲು 6, 7, 8. ಮುಖ್ಯ ಅತಿಥಿ ಕೂರುವುದು ಆತಿಥೇಯರ ಬಲಕ್ಕೆ, ಅಂದರೆ 8ರಲ್ಲಿ. ಎರಡನೆಯ ಆತಿಥೇಯರ ಬಲಕ್ಕೆ ಬರುವ ಕುರ್ಚಿ 4. ಬಡಿಸುವುದು ಮುಖ್ಯ ಅತಿಥಿಯಿಂದ ಶುರುವಾಗಿ ಆತಿಥೇಯರಲ್ಲಿ ಮುಗಿಯಬೇಕು.

ಸೂಪ್ ಮತ್ತು ಮೀನು ಪ್ಲೇಟಿನಲ್ಲಿ ಬರುವುದರಿಂದ ಪ್ರದಕ್ಷಿಣೆ. ನೀವು 8ರಿಂದ ಹೊರಟರೆ ಮುಂದಿನವರೇ ಆತಿಥೇಯರು! ಅವರನ್ನು ದಾಟಿ 2ಕ್ಕೆ ಹೋಗಿ, ಆಮೇಲೆ 3, ಕೊನೆಗೆ 1. ಅದೇ ಹೊತ್ತಿಗೆ ನಿಮ್ಮ ಗೆಳೆಯ 4ರಿಂದ ಹೊರಟು, 5 ಬಿಟ್ಟು, 6, 7, ಕೊನೆಗೆ 5. ತಲಾ ನಾಲ್ಕು ಪ್ಲೇಟ್, ಒಂದು ಸಲಕ್ಕೆ ಎರಡೇ ಹಿಡಿಯಿರಿ. ಮೊದಲ ಸಲ ನೀವು 8 ಮತ್ತು 2, ಎರಡನೇ ಸಲ 3 ಮತ್ತು 1. ಮೂರು ಪ್ಲೇಟ್ ಹೊರುವ ಅಭ್ಯಾಸ ಇದ್ದವರೂ ಎಂಟು ಜನರ ಮೇಜಿಗೆ ಎರಡೇ ಹೊರುವುದು ಮೇಲು ಅಂತ ನನ್ನ ಅನಿಸಿಕೆ. ಉಳಿಯುವುದು ಕೆಲವೇ ಸೆಕೆಂಡು, ಅದಕ್ಕಾಗಿ ಸಾಸ್ ಚೆಲ್ಲುವ ಅಪಾಯ ತಂದುಕೊಳ್ಳಬೇಕಿಲ್ಲ.

ಪ್ಲ್ಯಾಟರ್ ಬಂದಾಗ ದಿಕ್ಕು ತಿರುಗುತ್ತದೆ. ನೀವು 8, 7, 6, 5. ಗೆಳೆಯ 4, 3, 2, 1. ಯಾರನ್ನೂ ದಾಟಬೇಕಿಲ್ಲ, ಇಬ್ಬರು ಆತಿಥೇಯರೂ ತಾವಾಗಿಯೇ ಕೊನೆಗೆ ಬರುತ್ತಾರೆ. ಮುಖ್ಯ ಅತಿಥಿಯನ್ನು ಆತಿಥೇಯರ ಬಲಕ್ಕೆ ಕೂರಿಸುವುದಕ್ಕೂ ಎಡದಿಂದ ಬಡಿಸುವುದಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಈ ಕುರ್ಚಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲ ಬಳಿ ಅಂಟಿಸಿ. ಯಾರಾದರೂ ಮೀನು ತಿನ್ನದವರಿದ್ದರೆ ಅವರ ಸಂಖ್ಯೆಯ ಎದುರು ಗುರುತು ಹಾಕಿ. ಮೇಜಿನ ಬಳಿ ಹೋಗಿ "ಇದು ಯಾರದ್ದು?" ಅಂತ ಕೇಳುವ ಪ್ರಮೇಯವೇ ಬರಬಾರದು.

ಚಮಚ, ಫೋರ್ಕ್, ಚಾಕು

ತಿನ್ನುವವರು ಹೊರಗಿನಿಂದ ಒಳಕ್ಕೆ ಬರುತ್ತಾರೆ, ಜೋಡಿಸುವವರು ಒಳಗಿನಿಂದ ಹೊರಕ್ಕೆ ಹೋಗಬೇಕು. ಮೆನುವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಜೋಡಿಸಿದರೆ ಕ್ರಮ ತಪ್ಪುವುದಿಲ್ಲ. ನಿಮ್ಮ ಮೆನುವಿಗೆ ಮೊದಲು ಮುಖ್ಯ ಖಾದ್ಯದ ಚಾಕು ಬಲಕ್ಕೆ, ಅದರ ಫೋರ್ಕ್ ಎಡಕ್ಕೆ, ನಡುವೆ ಪ್ಲೇಟಿನಷ್ಟು ಜಾಗ ಬಿಟ್ಟು. ಅವುಗಳ ಹೊರಗೆ ಮೀನಿನ ಚಾಕು ಮತ್ತು ಫೋರ್ಕ್. ಬಲಗಡೆ ಎಲ್ಲಕ್ಕಿಂತ ಹೊರಗೆ ಸೂಪಿನ ಚಮಚ. ಚಾಕುಗಳ ಅಲಗು ಪ್ಲೇಟಿನ ಕಡೆ ತಿರುಗಿರಲಿ. ಡೆಸರ್ಟಿನವು ಪ್ಲೇಟಿನ ಮೇಲ್ಭಾಗದಲ್ಲಿ ಅಡ್ಡಕ್ಕೆ. ಚಮಚದ ಹಿಡಿ ಬಲಕ್ಕೆ, ಅದರ ಕೆಳಗಿನ ಫೋರ್ಕಿನ ಹಿಡಿ ಎಡಕ್ಕೆ. ಬೆಣ್ಣೆ ಚಾಕು ಎಡಗಡೆಯ ಬ್ರೆಡ್ ಪ್ಲೇಟಿನ ಮೇಲೆ. ನೀರಿನ ಗ್ಲಾಸ್ ಮುಖ್ಯ ಚಾಕುವಿನ ತುದಿಯ ನೇರಕ್ಕೆ ಮೇಲೆ. ಹಿಡಿಗಳ ಬುಡ ಮೇಜಿನ ಅಂಚಿನಿಂದ ಸುಮಾರು 2.5 ಸೆಂಟಿಮೀಟರ್ ಒಳಗೆ ಒಂದೇ ಸಾಲಿನಲ್ಲಿರಲಿ. ಒಬ್ಬೊಬ್ಬರಿಗೂ ಕನಿಷ್ಠ 60 ಸೆಂಟಿಮೀಟರ್ ಅಗಲ ಸಿಗಬೇಕು, ಇಲ್ಲದಿದ್ದರೆ ಮುಂದೆ ನಿಮ್ಮ ಕೈ ತೂರಲು ಸಂದೇ ಇರುವುದಿಲ್ಲ.

ಹೀಗೆ ಜೋಡಿಸಿದರೆ ಇನ್ನೊಂದು ಅನುಕೂಲವಿದೆ. ಪ್ರತಿ ಕೋರ್ಸ್ ಮುಗಿದಾಗ ಹೊರಗಿನ ಜೋಡಿ ಮೇಜಿನಿಂದ ಹೋಗಿರಬೇಕು. ಮೀನಿನ ಪ್ಲೇಟ್ ತೆಗೆದ ಮೇಲೆ ಉಳಿಯಬೇಕಾದದ್ದು ಒಂದು ಚಾಕು, ಒಂದು ಫೋರ್ಕ್, ಮೇಲಿನ ಡೆಸರ್ಟ್ ಜೋಡಿ. ಯಾರದಾದರೂ ಮುಂದೆ ಇನ್ನೂ ಮೀನಿನ ಫೋರ್ಕ್ ಇದ್ದರೆ ಅವರು ಮುಖ್ಯ ಖಾದ್ಯದ ಫೋರ್ಕಿನಲ್ಲಿ ಮೀನು ತಿಂದಿದ್ದಾರೆ ಅಂತ ಅರ್ಥ. ಅವರಿಗೆ ಏನೂ ಹೇಳಬೇಡಿ. ಉಳಿದ ಮೀನಿನ ಫೋರ್ಕ್ ತೆಗೆದು, ಮುಖ್ಯ ಖಾದ್ಯ ಬರುವ ಮುಂಚೆ ಹೊಸ ಫೋರ್ಕನ್ನು ನ್ಯಾಪ್ಕಿನ್ ಹಾಸಿದ ಸಣ್ಣ ಪ್ಲೇಟಿನಲ್ಲಿ ತಂದು ಎಡಗಡೆ ಇಡಿ. ಅವರಿಗೆ ಅದು ಗೊತ್ತೇ ಆಗದಿದ್ದರೆ ನೀವು ಚೆನ್ನಾಗಿ ಮಾಡಿದಿರಿ. ಸೂಪ್ ಬೇಡವೆಂದವರ ಚಮಚವನ್ನೂ ಸೂಪ್ ತೆಗೆಯುವಾಗಲೇ ತೆಗೆದುಬಿಡಿ. ಕೆಳಗೆ ಏನಾದರೂ ಬಿದ್ದರೆ ಮೊದಲು ಹೊಸದು ತಂದಿಡಿ, ಬಿದ್ದದ್ದನ್ನು ಎತ್ತುವುದು ಆಮೇಲೆ.

ಪ್ಲ್ಯಾಟರಿನಿಂದ ಬಡಿಸುವುದು

ಮೊದಲು ಬೆಚ್ಚಗಿನ ಖಾಲಿ ಪ್ಲೇಟುಗಳನ್ನು ಬಲದಿಂದ, ಪ್ರದಕ್ಷಿಣವಾಗಿ ಇಟ್ಟುಬನ್ನಿ. ಆಮೇಲೆ ಪ್ಲ್ಯಾಟರ್. ಎಡ ಅಂಗೈ ಮೇಲೆ ಮಡಚಿದ ಬಟ್ಟೆ, ಅದರ ಮೇಲೆ ಪ್ಲ್ಯಾಟರ್. ಅತಿಥಿಯ ಎಡಗಡೆ ಎಡಗಾಲು ಮುಂದಿಟ್ಟು ಬಾಗಿ, ಪ್ಲ್ಯಾಟರಿನ ಅಂಚು ಅವರ ಪ್ಲೇಟಿನ ಅಂಚಿನ ಮೇಲೆ ತುಸು ಬರುವಂತೆ ತಗ್ಗಿಸಿ ಹಿಡಿಯಿರಿ. ಬಲಗೈಯಲ್ಲಿ ಬಡಿಸುವ ಚಮಚ ಮತ್ತು ಫೋರ್ಕ್ ಎರಡೂ ಇರಬೇಕು. ಚಮಚ ಕೆಳಗೆ, ಫೋರ್ಕ್ ಮೇಲೆ, ಎರಡು ಹಿಡಿಗಳ ನಡುವೆ ತೋರುಬೆರಳು, ಫೋರ್ಕಿನ ಮೇಲೆ ಹೆಬ್ಬೆರಳು. ಚಮಚವನ್ನು ಉಳಿದ ಬೆರಳುಗಳು ಅಂಗೈಗೆ ಒತ್ತಿ ಹಿಡಿದಿರುತ್ತವೆ. ತುಂಡಿನ ಕೆಳಗೆ ಚಮಚ ತೂರಿಸಿ, ಮೇಲಿನಿಂದ ಫೋರ್ಕ್ ಮುಚ್ಚಿ, ಎತ್ತಿ, ಪ್ಲೇಟಿನಲ್ಲಿ ಅತಿಥಿಗೆ ಹತ್ತಿರದ ಭಾಗದಲ್ಲಿ ಇಡಿ. ತರಕಾರಿ ಅದರ ಆಚೆ ಬದಿಗೆ. ಎತ್ತುವಾಗ ಒತ್ತಿ ಹಿಡಿದರೆ ಮಾಂಸ ಜಾರುತ್ತದೆ, ಫೋರ್ಕ್ ಸುಮ್ಮನೆ ಮುಚ್ಚಳದಂತೆ ಕೂತಿದ್ದರೆ ಸಾಕು.

ಮಾಂಸಕ್ಕೊಂದು ಸುತ್ತು, ತರಕಾರಿಗೊಂದು, ಸಾಸಿಗೊಂದು ಅಂತ ಮಾಡಿದರೆ ಪ್ರತಿಯೊಬ್ಬರ ಮಾತೂ ಮೂರು ಸಲ ಕಡಿಯುತ್ತದೆ, ಮೊದಲು ಬಡಿಸಿದ್ದು ಆರಿಯೂ ಹೋಗುತ್ತದೆ. ತಲಾ ನಾಲ್ಕು ಜನರ ಮಾಂಸ, ತರಕಾರಿ ಎರಡನ್ನೂ ಒಂದೇ ಪ್ಲ್ಯಾಟರಿನಲ್ಲಿ ಜೋಡಿಸಿಕೊಡಲು ಅಡುಗೆಯವರನ್ನು ಕೇಳಿ. ಇಬ್ಬರಿಗೂ ಒಂದೊಂದು ಪ್ಲ್ಯಾಟರ್. ಸಾಸ್ ಮಾತ್ರ ಎರಡನೇ ಸುತ್ತಿಗೆ ಇರಲಿ, ಅದೂ ಎಡದಿಂದಲೇ.

ಬೇಯಿಸಿದ ಆಲೂಗಡ್ಡೆ ಹೋಳುಗಳನ್ನು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಒಂದೂ ಬೀಳಿಸದೆ ದಾಟಿಸಲು ಡಿನ್ನರಿಗೆ ಒಂದು ವಾರ ಮುಂಚೆಯಾದರೂ ನಿಮ್ಮಿಬ್ಬರಿಗೂ ಬರಬೇಕು. ಬರದಿದ್ದರೆ ಮುಖ್ಯ ಖಾದ್ಯವನ್ನೂ ಅಡುಗೆಮನೆಯಲ್ಲೇ ಪ್ಲೇಟಿಗೆ ಹಾಕಿಸಿ ಅಂತ ಮುಂಚಿತವಾಗಿ ಹೇಳಿಬಿಡಿ. ಪ್ಲೇಟಿನಲ್ಲಿ ಬಂದ ಊಟವೂ ಪೂರ್ತಿ ಔಪಚಾರಿಕವೇ, ಅದರಲ್ಲಿ ಕೊರತೆಯೇನಿಲ್ಲ.

ತೆಗೆಯುವುದು

ನಿಮ್ಮ ನಿಜವಾದ ತೊಂದರೆ ಇಲ್ಲಿದೆ. ಸದ್ದು ಬರುವುದು ಪ್ಲೇಟಿನಿಂದಲ್ಲ, ಅದರ ಮೇಲೆ ಜಾರುವ ಚಾಕುವಿನಿಂದ. ಚಾಕು ಜಾರುವುದು ಪ್ಲೇಟ್ ವಾಲಿದಾಗ. ವಾಲುವುದು, ಅತಿಥಿಯ ಮುಂದೆಯೇ ನಿಂತು ಎರಡನೇ ಪ್ಲೇಟಿಗೆ ಕೈ ಚಾಚಿದಾಗ.

ಮೊದಲನೆಯದಾಗಿ, ಯಾವಾಗ ತೆಗೆಯಬೇಕು. ಎಂಟೂ ಜನ ಮುಗಿಸುವ ತನಕ ಒಂದು ಪ್ಲೇಟನ್ನೂ ಮುಟ್ಟಬೇಡಿ. ಏಳು ಜನರ ಮುಂದೆ ಖಾಲಿಯಾಗಿ ಒಬ್ಬರು ಮಾತ್ರ ತಿನ್ನುತ್ತಿದ್ದರೆ ಅವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಚಾಕು, ಫೋರ್ಕ್ ಎರಡೂ ಒಂದಕ್ಕೊಂದು ತಾಗಿಕೊಂಡು, ಹಿಡಿಗಳು ಗಡಿಯಾರದ ನಾಲ್ಕರಿಂದ ಆರರ ನಡುವೆ ಎಲ್ಲೋ ಇದ್ದರೆ ಮುಗಿಯಿತು ಅಂತ. ಅವು ಪ್ಲೇಟಿನ ಮೇಲೆ ಬೇರೆ ಬೇರೆಯಾಗಿ ಓರೆಯಾಗಿದ್ದರೆ ಅಥವಾ ಒಂದರ ಮೇಲೊಂದು ಅಡ್ಡವಾಗಿದ್ದರೆ ಅವರು ಸುಮ್ಮನೆ ವಿರಾಮ ತೆಗೆದುಕೊಂಡಿದ್ದಾರೆ. ಆದರೆ ಈ ಸಂಕೇತ ಎಲ್ಲ ಅತಿಥಿಗಳಿಗೂ ಗೊತ್ತಿರುವುದಿಲ್ಲ. ಹಾಗಾಗಿ ಪ್ಲೇಟಿನ ಜೊತೆಗೆ ಮನುಷ್ಯರನ್ನೂ ನೋಡಿ. ಬೆನ್ನು ಕುರ್ಚಿಗೆ ಒರಗಿದೆಯೇ, ಕೈ ಮಡಿಲಲ್ಲಿದೆಯೇ, ಪ್ಲೇಟನ್ನು ತುಸು ಮುಂದಕ್ಕೆ ಸರಿಸಿದ್ದಾರೆಯೇ? "ಆಯ್ತಾ?" ಅಂತ ಕೇಳಬೇಡಿ, ಅದು ಬೇಗ ಮುಗಿಸಿ ಅಂದಂತೆ ಕೇಳಿಸುತ್ತದೆ. ಒಬ್ಬರ ವಿಷಯದಲ್ಲಿ ಮಾತ್ರ ಅನುಮಾನವಿದ್ದರೆ ಅವರ ಬಲಕ್ಕೆ ಬಾಗಿ, ಅವರಿಗಷ್ಟೇ ಕೇಳುವಂತೆ "ತೆಗೆಯಬಹುದೇ?" ಅನ್ನಿ.

ಇನ್ನು ಕೈಕೆಲಸ. ಬಲದಿಂದ, ಬಲಗಾಲು ಎರಡು ಕುರ್ಚಿಗಳ ನಡುವೆ ಇಟ್ಟು, ಬಲಗೈಯಲ್ಲಿ ಪ್ಲೇಟಿನ ಅಂಚು ಹಿಡಿಯಿರಿ. ಬೆರಳುಗಳು ಕೆಳಗೆ, ಹೆಬ್ಬೆರಳು ಅಂಚಿನ ಮೇಲೆ ಮಲಗಿರಲಿ, ತಿನ್ನುವ ಭಾಗಕ್ಕೆ ಚಾಚಬಾರದು. ಮೊದಲು ನೇರ ಮೇಲಕ್ಕೆ ಒಂದಿಷ್ಟು ಎತ್ತಿ, ಆಮೇಲೆ ನಿಮ್ಮ ಕಡೆಗೆ ತನ್ನಿ. ಎಳೆದು ತಂದರೆ ಪ್ಲೇಟಿನ ಬುಡ ಮೇಜುಬಟ್ಟೆಯನ್ನೂ ಪಕ್ಕದ ಚಾಕುವನ್ನೂ ಸೇರಿಸಿ ಎಳೆಯುತ್ತದೆ. ಒಂದು ಹೆಜ್ಜೆ ಹಿಂದೆ ಬಂದು ಅತಿಥಿಯ ಬೆನ್ನ ಹಿಂದೆ ನಿಂತ ಮೇಲೆಯೇ ಪ್ಲೇಟನ್ನು ಎಡಗೈಗೆ ದಾಟಿಸಿ. ಎಡಗೈಯ ತೋರು, ನಡು ಬೆರಳುಗಳು ಪ್ಲೇಟಿನ ಕೆಳಗೆ, ಹೆಬ್ಬೆರಳು ಮೇಲೆ. ಆ ಹೆಬ್ಬೆರಳಿನಿಂದಲೇ ಫೋರ್ಕಿನ ಹಿಡಿಯನ್ನು ಒತ್ತಿ ಹಿಡಿಯಿರಿ. ಚಾಕುವನ್ನು ಫೋರ್ಕಿನ ಕೆಳಗೆ ಅಡ್ಡವಾಗಿ ತೂರಿಸಿ. ಈಗ ಫೋರ್ಕಿಗೆ ಹೆಬ್ಬೆರಳ ಕಾವಲು, ಚಾಕುವಿಗೆ ಫೋರ್ಕಿನ ಕಾವಲು. ನೀವು ನಡೆದರೂ ತಿರುಗಿದರೂ ಎರಡೂ ಅಲುಗುವುದಿಲ್ಲ. ನಿಮ್ಮ ಸದ್ದಿನ ಸಮಸ್ಯೆ ಹೆಚ್ಚುಕಡಿಮೆ ಇಷ್ಟರಲ್ಲೇ ತೀರುತ್ತದೆ.

ಎರಡನೇ ಪ್ಲೇಟನ್ನು ಎಡ ಮುಂಗೈಯ ಮೇಲೆ ಕೂರಿಸಬೇಕು. ಹೆಬ್ಬೆರಳಿನ ಬುಡದ ಉಬ್ಬು, ಮೇಲಕ್ಕೆತ್ತಿದ ಕಿರುಬೆರಳು, ಮಣಿಕಟ್ಟಿನ ಹಿಂದಿನ ತೋಳು ಈ ಮೂರರ ಮೇಲೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದರ ಚಾಕು, ಫೋರ್ಕನ್ನು ಎತ್ತಿ ಮೊದಲ ಪ್ಲೇಟಿನ ಜೋಡಿಯ ಪಕ್ಕ ಅದೇ ರೀತಿ ಇಡಿ. ಈ ಹಿಡಿತ ಇನ್ನೂ ಕೂರಿಲ್ಲದಿದ್ದರೆ ಎರಡು ಕೈಯಲ್ಲಿ ಒಂದೊಂದು ಪ್ಲೇಟ್ ತೆಗೆದುಕೊಂಡು ಹೋಗಿ. ಉಳಿದ ಆಹಾರವನ್ನು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಕೆರೆದು ಹಾಕುವುದು, ಒಂದರ ಮೇಲೊಂದು ಪೇರಿಸುವುದು ಊಟದ ಕೋಣೆಯಲ್ಲಿ ಬೇಡವೇ ಬೇಡ. ಎಂಜಲಿನ ಮೇಲೆ ಪ್ಲೇಟ್ ಕೂರಿಸಿದ ದೃಶ್ಯ ಕಂಡವರಿಗೆ ಮುಂದಿನ ಕೋರ್ಸ್ ರುಚಿಸುವುದಿಲ್ಲ. ಆ ಕೆಲಸ ಬಾಗಿಲಾಚೆ.

ತೆಗೆಯುವಾಗ ಆತಿಥೇಯರನ್ನು ದಾಟಿಸಬೇಕಿಲ್ಲ. ನೀವು 8 ಮತ್ತು 1, ಮರಳಿ ಬಂದು 2 ಮತ್ತು 3. ಗೆಳೆಯ 4 ಮತ್ತು 5, ಆಮೇಲೆ 6 ಮತ್ತು 7. ಇಬ್ಬರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಬಾಗಿಲಿಗೆ ಬನ್ನಿ.

ಸೂಪಿನ ಬಟ್ಟಲಿಗೆ ಮಾತ್ರ ಒಂದು ಎಚ್ಚರಿಕೆ. ಬಟ್ಟಲನ್ನಲ್ಲ, ಅದರ ಕೆಳಗಿನ ಪ್ಲೇಟನ್ನು ಹಿಡಿದು ಎತ್ತಬೇಕು. ಎರಡರ ನಡುವೆ ಸಣ್ಣದಾಗಿ ಮಡಚಿದ ನ್ಯಾಪ್ಕಿನ್ ಇಟ್ಟು ತಂದಿದ್ದರೆ ಬಟ್ಟಲು ಜಾರುವುದೂ ಇಲ್ಲ, ಸದ್ದೂ ಬರುವುದಿಲ್ಲ. ಚಮಚ ಬಟ್ಟಲಿನೊಳಗೆ ಇದ್ದರೆ ಬೆನ್ನ ಹಿಂದೆ ಬಂದ ಮೇಲೆ ಅದನ್ನು ಕೆಳಗಿನ ಪ್ಲೇಟಿಗೆ ಇಳಿಸಿ, ಹೆಬ್ಬೆರಳಿನಿಂದ ಒತ್ತಿಕೊಳ್ಳಿ.

ಡೆಸರ್ಟಿನ ಮುಂಚೆ

ಮುಖ್ಯ ಖಾದ್ಯದ ಪ್ಲೇಟುಗಳು ಹೋದ ಮೇಲೆ ಬ್ರೆಡ್ ಪ್ಲೇಟ್, ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಎಲ್ಲವೂ ಹೋಗಬೇಕು. ಬ್ರೆಡ್ ಪ್ಲೇಟನ್ನು ಎಡದಿಂದ ತೆಗೆಯಿರಿ, ಬಲದಿಂದ ತೆಗೆಯಲು ಹೋದರೆ ಅತಿಥಿಯ ಮುಂದೆಲ್ಲ ಕೈ ಚಾಚಬೇಕು. ಮೇಜುಬಟ್ಟೆಯ ಮೇಲಿನ ಚೂರುಗಳನ್ನು ಮಡಚಿದ ನ್ಯಾಪ್ಕಿನ್ನಿನಿಂದ, ಮೇಜಿನ ಅಂಚಿನ ಕೆಳಗೆ ಹಿಡಿದ ಸಣ್ಣ ಪ್ಲೇಟಿಗೆ ಗುಡಿಸಿ. ಗಾಳಿಯಲ್ಲಿ ಹಾರುವಂತೆ ಒರೆಸದೆ, ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಂಡರೆ ಚೂರು ಅವರ ಮಡಿಲಿಗೆ ಬೀಳುವುದಿಲ್ಲ. ಆಮೇಲೆ ಮೇಲ್ಗಡೆ ಇದ್ದ ಡೆಸರ್ಟ್ ಫೋರ್ಕನ್ನು ಎಡದಿಂದ ಎಡಕ್ಕೂ ಚಮಚವನ್ನು ಬಲದಿಂದ ಬಲಕ್ಕೂ ಇಳಿಸಿ. ಹಿಡಿಗಳು ಮೊದಲೇ ಆಯಾ ದಿಕ್ಕಿಗೆ ಇರುವುದರಿಂದ ಕೈ ತಿರುಚಬೇಕಾಗುವುದಿಲ್ಲ. ಡೆಸರ್ಟ್ ಪ್ಲೇಟಿನಲ್ಲಿ ಬರುವುದರಿಂದ ಮತ್ತೆ ಬಲದಿಂದ, ಸೂಪಿಗೆ ಹೋದ ದಾರಿಯಲ್ಲೇ.

ಗ್ಲಾಸುಗಳನ್ನು ಎತ್ತುವುದು, ಇಡುವುದು ಯಾವಾಗಲೂ ಕಾಂಡ ಅಥವಾ ಬುಡದಿಂದ. ಬಾಯಿ ತಾಗುವ ಅಂಚಿನ ಹತ್ತಿರ ಬೆರಳು ಹೋಗಬಾರದು. ಸುರಿಯುವಾಗ ಗ್ಲಾಸನ್ನು ಮೇಜಿನಿಂದ ಎತ್ತಬೇಡಿ. ನೀರಿನ ಗ್ಲಾಸ್ ಕೊನೆಯವರೆಗೂ ಇರಲಿ.

ಅಭ್ಯಾಸ ಹೀಗೆ ಮಾಡಿ. ಎರಡು ಕುರ್ಚಿಗಳನ್ನು ಪಕ್ಕಪಕ್ಕ ಹಾಕಿ, ಒಂದರಲ್ಲಿ ನೀವು ಕೂತು ಗೆಳೆಯನಿಂದ ಪ್ಲೇಟ್ ಇಡಿಸಿ, ತೆಗೆಸಿ. ಪ್ಲೇಟಿನಲ್ಲಿ ಚಾಕು, ಫೋರ್ಕಿನ ಜೊತೆ ತೆಳುವಾಗಿ ನೀರು ಇರಲಿ, ಪ್ಲೇಟ್ ಎಲ್ಲಿ ವಾಲಿತು ಅಂತ ಅದೇ ಹೇಳುತ್ತದೆ. ಕೂತಾಗ ನೇರ ಮುಂದೆ ನೋಡುತ್ತಾ ಏನಾದರೂ ಮಾತಾಡುತ್ತಿರಿ. ಗೆಳೆಯನ ತೋಳು ನಿಮ್ಮ ಕಣ್ಣ ಮುಂದೆ ಬಂತೇ, ಅಂಗಿ ಭುಜಕ್ಕೆ ತಾಗಿತೇ, ನೀವು ಪಕ್ಕಕ್ಕೆ ಸರಿಯಬೇಕಾಯಿತೇ ಗಮನಿಸಿ. ಈ ಮೂರರಲ್ಲಿ ಯಾವುದು ಆದರೂ ಹೆಚ್ಚಾಗಿ ತಪ್ಪು ಕೈ ಒಳಗೆ ಬಂದಿರುತ್ತದೆ, ಇಲ್ಲವೇ ಕಾಲು ಮುಂದಿಡದೆ ದೂರದಿಂದ ಬಾಗಿರುತ್ತಾರೆ. ಆಮೇಲೆ ಜಾಗ ಬದಲಿಸಿಕೊಳ್ಳಿ.